ಆರು ಕೋಟಿ ಸಾಲು, ನಾಲ್ಕು ವರ್ಕರ್, ಒಂದೇ ಡೇಟಾಬೇಸ್

ಆನ್‌ಲೈನ್ ಪುಸ್ತಕದಂಗಡಿಯಲ್ಲಿ ನೀವು ಒಂದು ಆರ್ಡರ್ ಕೊಟ್ಟ ಕೂಡಲೇ ಅಂಗಡಿಯ ಡೇಟಾಬೇಸಿಗೆ ಒಂದು ಸಾಲು ಸೇರುತ್ತದೆ. ಯಾರು ಕೊಂಡರು, ಯಾವ ಪುಸ್ತಕ, ಎಷ್ಟು ಬೆಲೆ, ಯಾವ ವಿಳಾಸ ಎಲ್ಲವೂ ಅದರಲ್ಲಿರುತ್ತದೆ. ಪ್ರತಿ ಸಾಲಿಗೂ ಒಂದು ನಂಬರು ಇರುತ್ತದೆ. ಹೊಸ ಆರ್ಡರ್ ಬಂದಂತೆಲ್ಲ ಈ ನಂಬರು ಏರುತ್ತ ಹೋಗುತ್ತದೆ, ಒಮ್ಮೆ ಕೊಟ್ಟ ನಂಬರು ಮತ್ತೆ ಬದಲಾಗುವುದಿಲ್ಲ. ಡೇಟಾಬೇಸಿನವರು ಇದನ್ನೇ ಕೀ ಎನ್ನುತ್ತಾರೆ.

ಇದೇ ಸಾಲುಗಳು ಇನ್ನೊಂದು ಕಡೆಗೂ ಬೇಕಾಗುತ್ತವೆ. ಯಾವ ಊರಿನಲ್ಲಿ ಏನು ಹೆಚ್ಚು ಮಾರಾಟವಾಯಿತು, ಯಾವ ತಿಂಗಳು ವಾಪಸ್ ಬಂದದ್ದು ಹೆಚ್ಚು ಎಂಬ ಲೆಕ್ಕಗಳನ್ನು ಮಾರಾಟ ನಡೆಯುತ್ತಿರುವ ಡೇಟಾಬೇಸಿನ ಮೇಲೆಯೇ ಹಾಕುವುದಿಲ್ಲ. ಅದಕ್ಕೆಂದೇ ಬೇರೆ ದಾಸ್ತಾನು ಇರುತ್ತದೆ, ಅಲ್ಲಿಗೆ ಎಲ್ಲ ಸಾಲುಗಳ ಪ್ರತಿ ಹೋಗಬೇಕು. ಹಾಗೆ ಪ್ರತಿ ತೆಗೆಯುವಾಗ ಮೂಲ ಡೇಟಾಬೇಸ್ ತನ್ನ ಕೆಲಸ ಬಿಟ್ಟು ಕೂರುವಂತಿಲ್ಲ. ಅತ್ತ ಗ್ರಾಹಕರು ಹಣ ಕಟ್ಟುತ್ತಿರುತ್ತಾರೆ, ಇತ್ತ ನಾವು ಕೋಟಿಗಟ್ಟಲೆ ಸಾಲು ಓದುತ್ತಿರುತ್ತೇವೆ. ರಾತ್ರಿ ಮಾಡಿದರಾಯಿತು ಎನ್ನುವಂತೆಯೂ ಇಲ್ಲ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಅಂಗಡಿಗೆ ಕೆಲಸ ಮಾಡುವವರಿಗೆ ಇಲ್ಲಿನ ನಡುರಾತ್ರಿ ಅಲ್ಲಿನ ವ್ಯಾಪಾರದ ಹೊತ್ತು.

ಒಂದು ಲೆಕ್ಕ ಹಾಕಿ ನೋಡೋಣ. ಆರ್ಡರ್ ಟೇಬಲ್ಲಿನಲ್ಲಿ 6 ಕೋಟಿ ಸಾಲುಗಳಿವೆ ಎಂದಿಟ್ಟುಕೊಳ್ಳಿ. ಓದುವ ಕೆಲಸ ಮಾಡುವ ಒಂದು ಪ್ರೋಗ್ರಾಮ್, ಅಂದರೆ ಒಬ್ಬ ವರ್ಕರ್, ಸೆಕೆಂಡಿಗೆ 20,000 ಸಾಲು ಓದಬಲ್ಲ. ಒಬ್ಬನೇ ಓದಿದರೆ 3,000 ಸೆಕೆಂಡ್, ಅಂದರೆ 50 ನಿಮಿಷ. ನಾಲ್ವರನ್ನು ಹಾಕಿದರೆ ಹನ್ನೆರಡೂವರೆ ನಿಮಿಷಕ್ಕೆ ಮುಗಿಯಬೇಕು. ನಾಲ್ವರೂ ಒಂದೇ ಸಾಲನ್ನು ಎರಡು ಸಲ ಓದದಂತೆ, ಯಾವ ಸಾಲೂ ಬಿಟ್ಟುಹೋಗದಂತೆ ಮಾಡಲು ಕೀಯೇ ಆಧಾರ: ಇಷ್ಟರಿಂದ ಇಷ್ಟರವರೆಗೆ ನೀನು, ಅಲ್ಲಿಂದ ಮುಂದೆ ಅವನು ಎಂದು ನಂಬರಿನ ಮೇಲೆ ಹಂಚುವುದು. ಕೀಗೆ ಇಂಡೆಕ್ಸ್ ಇರುವುದರಿಂದ ಇಡೀ ಟೇಬಲ್ ಜಾಲಾಡದೆ ಆ ವ್ಯಾಪ್ತಿಯ ಸಾಲುಗಳಿಗೆ ನೇರವಾಗಿ ಹೋಗಬಹುದು.

ಈ ಹಂಚಿಕೆಗೆ ಬಹುಕಾಲ ಬಳಕೆಯಲ್ಲಿದ್ದ ಸಲಕರಣೆ ಅಪಾಚೆ ಸ್ಕೂಪ್. 2021ರಲ್ಲಿ ಅದನ್ನು ನಿವೃತ್ತಿಗೊಳಿಸಿದರು, ಆದರೆ ಅದರ ರೀತಿ ಇಂದಿಗೂ ಉಳಿದಿದೆ. ಸ್ಕೂಪ್ ಮೊದಲು ಕೀಯ ಅತಿ ಚಿಕ್ಕ ಮತ್ತು ಅತಿ ದೊಡ್ಡ ಬೆಲೆಯನ್ನು ಕೇಳುತ್ತಿತ್ತು. ನಡುವಿನ ಅಂತರವನ್ನು ವರ್ಕರ್‌ಗಳ ಸಂಖ್ಯೆಯಿಂದ ಭಾಗಿಸಿ ಸಮಪಾಲು ಮಾಡುತ್ತಿತ್ತು. ಬೇರೆ ಏನೂ ಹೇಳದಿದ್ದರೆ ವರ್ಕರ್‌ಗಳು ನಾಲ್ವರು.

ಈಗ ನಮ್ಮ ಅಂಗಡಿಯ ಟೇಬಲ್ಲನ್ನು ಹತ್ತಿರದಿಂದ ನೋಡಿ. ನಂಬರು 1ರಿಂದ 20 ಕೋಟಿಯವರೆಗೆ ಹೋಗಿದೆ, ಸಾಲು ಇರುವುದು 6 ಕೋಟಿ ಮಾತ್ರ. ಹಳೆಯ ಆರ್ಡರುಗಳಲ್ಲಿ ಬಹುಪಾಲನ್ನು ಬೇರೆ ಕಡೆಗೆ ಸಾಗಿಸಿ ಅಳಿಸಿದ್ದಾರೆ. ಹಾಗಾಗಿ ಮೊದಲ 5 ಕೋಟಿ ನಂಬರುಗಳಲ್ಲಿ 25 ಲಕ್ಷ ಸಾಲು, ಎರಡನೆಯ 5 ಕೋಟಿಯಲ್ಲಿ ಇನ್ನೊಂದು 25 ಲಕ್ಷ, ಮೂರನೆಯದರಲ್ಲಿ 50 ಲಕ್ಷ. ಉಳಿದ 5 ಕೋಟಿ ಸಾಲುಗಳೂ ಕೊನೆಯ 5 ಕೋಟಿ ನಂಬರುಗಳಲ್ಲಿ ಒತ್ತಾಗಿ ಕೂತಿವೆ. ಸಮಪಾಲು ಮಾಡಿದರೆ ಮೊದಲ ಇಬ್ಬರು ವರ್ಕರ್‌ಗಳು ಎರಡು ನಿಮಿಷ ಐದು ಸೆಕೆಂಡಿಗೆ ಮುಗಿಸಿ ಸುಮ್ಮನಾಗುತ್ತಾರೆ, ಮೂರನೆಯವನು ನಾಲ್ಕು ನಿಮಿಷ ಚಿಲ್ಲರೆಗೆ. ನಾಲ್ಕನೆಯವನಿಗೆ 2,500 ಸೆಕೆಂಡ್, ಸುಮಾರು 42 ನಿಮಿಷ. ನಾಲ್ವರನ್ನು ಹಾಕಿ ಉಳಿಸಿದ್ದು ಬರೀ 8 ನಿಮಿಷ!

ಇಂಥದ್ದು ಎಲ್ಲೋ ಅಪರೂಪಕ್ಕೆ ಆಗುವುದಲ್ಲ. ಹಳೆಯದನ್ನು ಅಳಿಸುವ ಪದ್ಧತಿ ಇರುವ ಕಡೆಯೆಲ್ಲ ಟೇಬಲ್ ಹೀಗೆಯೇ ಒಂದು ತುದಿಗೆ ವಾಲಿರುತ್ತದೆ. ಇಂದು ಬಹಳ ಮಂದಿ ಬಳಸುವ ಅಪಾಚೆ ಸ್ಪಾರ್ಕ್ ಕೂಡ ನಂಬರಿನ ಅಂತರವನ್ನೇ ಸಮಪಾಲು ಮಾಡುತ್ತದೆ, ಮತ್ತು ಅದರಲ್ಲಿ ಇನ್ನೊಂದು ಗುಂಡಿ ಇದೆ. ಕೆಳಗಿನ ಮತ್ತು ಮೇಲಿನ ಮಿತಿಗಳನ್ನು ಅಲ್ಲಿ ನಾವೇ ಕೊಡಬೇಕು, `lowerBound` ಮತ್ತು `upperBound` ಎಂದು. ಆ ಮಿತಿಯ ಆಚೆಗಿನ ಸಾಲುಗಳನ್ನು ಸ್ಪಾರ್ಕ್ ಬಿಟ್ಟುಬಿಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಬಿಡುವುದಿಲ್ಲ. ಮಿತಿಗಳು ಪಾಲಿನ ಅಗಲ ಲೆಕ್ಕ ಹಾಕುವುದಕ್ಕೆ ಮಾತ್ರ. ಕೆಳಗೆ ಉಳಿದದ್ದೆಲ್ಲ ಮೊದಲ ಪಾಲಿಗೆ ಸೇರುತ್ತದೆ, ಮೇಲೆ ಉಳಿದದ್ದೆಲ್ಲ ಕೊನೆಯ ಪಾಲಿಗೆ. ಹೋದ ವರ್ಷ ಯಾರೋ ಬರೆದಿಟ್ಟ ಮೇಲಿನ ಮಿತಿಯನ್ನು ಈ ವರ್ಷ ಬದಲಿಸದಿದ್ದರೆ, ಒಂದು ವರ್ಷದ ಹೊಸ ಆರ್ಡರುಗಳಷ್ಟೂ ಕೊನೆಯ ವರ್ಕರ್‌ನ ಹೆಗಲಿಗೆ ಬೀಳುತ್ತವೆ. ಫಲಿತಾಂಶ ಸರಿಯಾಗಿಯೇ ಇರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಕೆಲಸ ಮಾತ್ರ ತಿಂಗಳಿಂದ ತಿಂಗಳಿಗೆ ನಿಧಾನವಾಗುತ್ತ ಹೋಗುತ್ತದೆ. ಗುರುತು ಹಿಡಿಯುವುದು ಸುಲಭ: ಎಲ್ಲ ಪಾಲುಗಳೂ ಮುಗಿದು ಒಂದೇ ಒಂದು ಬಹಳ ಹೊತ್ತು ಓಡುತ್ತಿದ್ದರೆ ಹಂಚಿಕೆ ವಾಲಿದೆ ಎಂದೇ ಅರ್ಥ.

ಹಾಗಾದರೆ ನಂಬರಿನ ಅಂತರ ಬಿಟ್ಟು ಸಾಲುಗಳ ಎಣಿಕೆಯ ಮೇಲೆ ಹಂಚಬೇಕು. ಅದಕ್ಕೆ 6 ಕೋಟಿ ಸಾಲುಗಳನ್ನು ಮೊದಲೇ ಎಣಿಸಬೇಕಾದರೆ ಮೂಲದ ಮೇಲೆ ಇನ್ನೊಂದು ಹೊರೆ ಬಿದ್ದಂತಾಯಿತಲ್ಲ? ಬೀಳಬೇಕಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಸ್ವಂತ ಉಪಯೋಗಕ್ಕೆ ಈ ಅಂದಾಜನ್ನು ಆಗಲೇ ಮಾಡಿಟ್ಟುಕೊಂಡಿರುತ್ತದೆ. ಆಗಾಗ ಟೇಬಲ್ಲಿನಿಂದ ಒಂದಷ್ಟು ಸಾಲುಗಳ ಮಾದರಿ ತೆಗೆದು, ಪ್ರತಿ ಕಾಲಮ್ಮಿನ ಬೆಲೆಗಳು ಎಲ್ಲಿ ಒತ್ತಾಗಿವೆ ಎಲ್ಲಿ ವಿರಳವಾಗಿವೆ ಎಂದು ಗುರುತಿಸುತ್ತದೆ. ನಮ್ಮ ಕೀಯಂಥ, ಪ್ರತಿ ಸಾಲಿಗೂ ಬೇರೆ ಬೇರೆಯಾದ ನಂಬರಿಗೆ ಅದು ಸಾಮಾನ್ಯವಾಗಿ 101 ಗಡಿಗಳನ್ನು ಬರೆದಿಡುತ್ತದೆ. ಎರಡು ಗಡಿಗಳ ನಡುವೆ ಹೆಚ್ಚುಕಡಿಮೆ ಅಷ್ಟಷ್ಟೇ ಸಾಲುಗಳಿರುತ್ತವೆ. ಕೇಳಿದರೆ ಕೊಡುತ್ತದೆ:

```sql
SELECT histogram_bounds
FROM pg_stats
WHERE tablename = 'orders' AND attname = 'id';
```

ನಮ್ಮ ಟೇಬಲ್ಲಿಗೆ ಇದರಿಂದ ಸುಮಾರು 6 ಲಕ್ಷ ಸಾಲಿನ ನೂರು ತುಂಡುಗಳು ಸಿಗುತ್ತವೆ. ಆ ಕಾಲಮ್ಮಿಗೆ `SET STATISTICS 1000` ಎಂದು ಹೇಳಿ ಒಮ್ಮೆ `ANALYZE` ಮಾಡಿಸಿದರೆ ಸಾವಿರ ತುಂಡು, ಒಂದೊಂದರಲ್ಲೂ ಸುಮಾರು 60,000 ಸಾಲು. ಒಬ್ಬ ವರ್ಕರ್‌ಗೆ ಒಂದು ತುಂಡು ಮೂರು ಸೆಕೆಂಡಿನ ಕೆಲಸ.

ಗಡಿಗಳು ಅಂದಾಜಿನವು ಎಂದು ಹೆದರಬೇಕಿಲ್ಲ. ಒಂದು ತುಂಡಿನಲ್ಲಿ 55,000, ಇನ್ನೊಂದರಲ್ಲಿ 66,000 ಬಂದರೂ ಸಾಲು ಕಳೆಯುವುದಿಲ್ಲ, ಗಡಿಗಳು ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿದ್ದರೆ ಸಾಕು. ಕೂಡಿಕೊಳ್ಳುವುದು ಎಂದರೆ ಪ್ರತಿ ತುಂಡೂ ತನ್ನ ಕೆಳಗಡಿಯನ್ನು ಒಳಗೆ ಸೇರಿಸಿಕೊಂಡು ಮೇಲ್ಗಡಿಯನ್ನು ಹೊರಗಿಡಬೇಕು:

```sql
SELECT * FROM orders
WHERE id >= 150060000 AND id < 150120000;
```

ಇಲ್ಲಿ `BETWEEN` ಬರೆದರೆ ಎರಡು ಗಡಿಗಳೂ ಒಳಗೆ ಬರುತ್ತವೆ, ಗಡಿಯ ಮೇಲಿನ ಸಾಲು ಎರಡು ತುಂಡುಗಳಲ್ಲೂ ಕಾಣಿಸಿಕೊಳ್ಳುತ್ತದೆ. ಮೊದಲ ತುಂಡಿಗೆ ಕೆಳಗಡಿಯನ್ನೇ ಹಾಕಬಾರದು, ಏಕೆಂದರೆ ಮಾದರಿಯಲ್ಲಿ ಸಿಕ್ಕ ಅತಿ ಚಿಕ್ಕ ನಂಬರಿಗಿಂತ ಚಿಕ್ಕದು ಟೇಬಲ್ಲಿನಲ್ಲಿ ಇರಬಹುದು. ಕೊನೆಯ ತುಂಡಿಗೂ ಹಾಗೆಯೇ, ಮಾದರಿಯ ಅತಿ ದೊಡ್ಡ ನಂಬರನ್ನು ನಂಬದೆ, ಕೆಲಸ ಶುರುವಾದ ಹೊತ್ತಿನ ನಿಜವಾದ ಅತಿ ದೊಡ್ಡ ನಂಬರನ್ನು ಕೇಳಿ ಅದನ್ನೂ ಒಳಗೊಳ್ಳುವಂತೆ ಮೇಲ್ಗಡಿ ಇಡಬೇಕು. ಅಕ್ಷರಗಳ ಕೀ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳನ್ನು ಡೇಟಾಬೇಸ್ ಒಂದು ಕ್ರಮದಲ್ಲಿ, ಹಂಚುವ ಪ್ರೋಗ್ರಾಮ್ ಇನ್ನೊಂದು ಕ್ರಮದಲ್ಲಿ ಜೋಡಿಸಿದರೆ ಸಾಲುಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ಸ್ಕೂಪ್‌ನಲ್ಲಿ ಅಂಥ ಕೀಯ ಮೇಲೆ ಹಂಚಬೇಕಾದರೆ ವಿಶೇಷ ಅನುಮತಿಯ ಸೆಟ್ಟಿಂಗ್ ಹಾಕಬೇಕಿತ್ತು, ಅದಕ್ಕೆ ಇದೇ ಕಾರಣ.

ಈಗ ಸಾವಿರ ತುಂಡುಗಳನ್ನು ವರ್ಕರ್‌ಗಳಿಗೆ ಮೊದಲೇ ಇನ್ನೂರೈವತ್ತರಂತೆ ಹಂಚಬೇಡಿ. ಬ್ಯಾಂಕಿನಲ್ಲಿ ಟೋಕನ್ ಕೊಡುವ ಹಾಗೆ ಎಲ್ಲ ತುಂಡುಗಳೂ ಒಂದೇ ಸರದಿಯಲ್ಲಿರಲಿ, ಕೈ ಬಿಡುವಾದ ವರ್ಕರ್ ಮುಂದಿನ ತುಂಡನ್ನು ಎತ್ತಿಕೊಳ್ಳಲಿ. ಒಬ್ಬ ನಿಧಾನವಾದರೆ ಉಳಿದವರು ಹೆಚ್ಚು ತುಂಡು ಎತ್ತಿಕೊಳ್ಳುತ್ತಾರೆ. ಕೊನೆಯಲ್ಲಿ ಯಾರಾದರೂ ಯಾರಿಗಾದರೂ ಕಾಯಬೇಕಾಗಿ ಬಂದರೆ ಅದು ಮೂರು ಸೆಕೆಂಡಿನ ಕಾಯುವಿಕೆ. ಒಬ್ಬ ವರ್ಕರ್ ಅರ್ಧದಲ್ಲಿ ಸತ್ತರೂ ಮತ್ತೆ ಓದಬೇಕಾದದ್ದು ಒಂದು ತುಂಡನ್ನು ಮಾತ್ರ. ಈ ಸರದಿಯ ಪಟ್ಟಿಯನ್ನು ಮಾತ್ರ ಮೂಲ ಡೇಟಾಬೇಸಿನಲ್ಲಿ ಇಡಬಾರದು, ಹೊರೆ ತಪ್ಪಿಸಲು ಹೊರಟವರು ಅಲ್ಲಿಗೇ ಇನ್ನಷ್ಟು ಬರವಣಿಗೆ ಸೇರಿಸಿದಂತಾಗುತ್ತದೆ.

ಚಿಕ್ಕ ತುಂಡಿನ ನಿಜವಾದ ಲಾಭ ನನ್ನ ಮಟ್ಟಿಗೆ ಇದ್ಯಾವುದೂ ಅಲ್ಲ. ಮೂಲಕ್ಕೆ ಭಾರವಾಗುತ್ತಿದೆ ಎಂದು ಗೊತ್ತಾದ ಕ್ಷಣದಲ್ಲಿ ನಿಲ್ಲಲು ಬರುವುದೇ ಅದರ ಲಾಭ. 42 ನಿಮಿಷದ ಒಂದು ಪ್ರಶ್ನೆಯನ್ನು ಡೇಟಾಬೇಸಿಗೆ ಕೊಟ್ಟಾದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಎರಡೇ ದಾರಿ: ಮುಗಿಯುವವರೆಗೆ ಸಹಿಸುವುದು, ಇಲ್ಲವೇ ಅರ್ಧದಲ್ಲಿ ಕಡಿದು ಓದಿದ್ದನ್ನೆಲ್ಲ ಕಳೆದುಕೊಳ್ಳುವುದು. ಮೂರು ಸೆಕೆಂಡಿನ ಪ್ರಶ್ನೆಗಳಾದರೆ ಪ್ರತಿ ತುಂಡಿನ ನಂತರವೂ ಮುಂದಿನದನ್ನು ಈಗ ಎತ್ತಿಕೊಳ್ಳಬಹುದೇ ಎಂದು ಯೋಚಿಸುವ ಅವಕಾಶ ಇರುತ್ತದೆ.

ಭಾರವಾಗುವುದು ಎಂದರೆ ಏನು? ಡೇಟಾಬೇಸ್ ಪದೇ ಪದೇ ಬೇಕಾಗುವ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಇಂದು ಓಡಾಡುತ್ತಿರುವ ಗ್ರಾಹಕರ ಆರ್ಡರುಗಳು, ಜನ ನೋಡುತ್ತಿರುವ ಪುಸ್ತಕಗಳು ಅಲ್ಲಿರುತ್ತವೆ, ಡಿಸ್ಕಿನವರೆಗೆ ಹೋಗಬೇಕಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ದೊಡ್ಡ ಟೇಬಲ್ಲೊಂದನ್ನು ಆದಿಯಿಂದ ಅಂತ್ಯದವರೆಗೆ ಸರಾಗ ಓದಿದರೆ, ಅದು ಒಂದು ಸಣ್ಣ ಜಾಗದೊಳಗೇ ಆ ಓದನ್ನು ಸುತ್ತಿಸುತ್ತದೆ, ಉಳಿದ ಮೆಮೊರಿ ಕೆಡುವುದಿಲ್ಲ. ಇಂಡೆಕ್ಸ್ ಹಿಡಿದು ವ್ಯಾಪ್ತಿ ಓದುವಾಗ ಈ ರಕ್ಷಣೆ ಇಲ್ಲ. ನಾವು ಮತ್ತೆಂದೂ ನೋಡದ ಹಳೆಯ ಆರ್ಡರುಗಳ ಪುಟಗಳು ಮೆಮೊರಿಗೆ ಬಂದು, ಗ್ರಾಹಕರಿಗೆ ಬೇಕಾದ ಪುಟಗಳನ್ನು ಹೊರಗೆ ತಳ್ಳುತ್ತವೆ. ಆಗ ಗ್ರಾಹಕರ ಪ್ರಶ್ನೆಗಳೂ ಡಿಸ್ಕಿಗೆ ಹೋಗುತ್ತವೆ, ಡಿಸ್ಕಿನ ಬಾಗಿಲಲ್ಲಿ ನಮ್ಮ ವರ್ಕರ್‌ಗಳು ಆಗಲೇ ಸಾಲುಗಟ್ಟಿರುತ್ತಾರೆ. ಪ್ರೊಸೆಸರ್ ಆರಾಮಾಗಿ ಕೂತಿರುವಾಗಲೂ ಅಂಗಡಿ ನಿಧಾನವಾಗುವುದು ಹೀಗೆ. `pg_stat_activity` ನೋಡಿದರೆ ಬಹುಪಾಲು ಕನೆಕ್ಷನ್‌ಗಳು `DataFileRead` ಎಂದು ಕಾಯುತ್ತಿರುವುದು ಕಾಣುತ್ತದೆ.

ಆದ್ದರಿಂದ ಎಷ್ಟು ವರ್ಕರ್ ಎಂಬುದನ್ನು ಮೊದಲೇ ನಿರ್ಧರಿಸಿ ಕೂರಬಾರದು, ಅದನ್ನು ಮೂಲವೇ ಹೇಳಬೇಕು. ನಮ್ಮ ಅಂಗಡಿಯಲ್ಲಿ ಗ್ರಾಹಕನೊಬ್ಬನ ಆರ್ಡರ್ ಪುಟ ತರುವ ಪ್ರಶ್ನೆಗೆ ಸಾಮಾನ್ಯವಾಗಿ 8 ಮಿಲಿಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. 15 ದಾಟಬಾರದು ಎಂದು ಮಿತಿ ಹಾಕಿಕೊಳ್ಳುತ್ತೇವೆ. ಇಬ್ಬರು ವರ್ಕರ್‌ಗಳಿಂದ ಶುರು ಮಾಡಿ ಅಂಗಡಿಯ ನಿಜವಾದ ಪ್ರಶ್ನೆಗಳ ಸಮಯವನ್ನು ಐದೈದು ಸೆಕೆಂಡಿಗೆ ಅಳೆಯುತ್ತ ಹೋಗುತ್ತೇವೆ. ಒಂದು ನಿಮಿಷ ಮಿತಿಯೊಳಗೇ ಇದ್ದರೆ ಇನ್ನೊಬ್ಬ ವರ್ಕರ್‌ನನ್ನು ಸೇರಿಸುತ್ತೇವೆ, ಮಿತಿ ದಾಟಿದರೆ ಅರ್ಧಕ್ಕೆ ಇಳಿಸುತ್ತೇವೆ. ಮೂವರಿದ್ದಾಗ 9, ನಾಲ್ವರಿದ್ದಾಗ 11, ಐದನೆಯವನು ಬಂದ ಕೂಡಲೇ 19. ಆಗ ಮೂವರು ಹೊಸ ತುಂಡು ಎತ್ತಿಕೊಳ್ಳದೆ ನಿಲ್ಲುತ್ತಾರೆ, ಮೂರ್ನಾಲ್ಕು ಸೆಕೆಂಡಿನಲ್ಲಿ ಡಿಸ್ಕಿನ ಒತ್ತಡ ಇಳಿಯಲು ತೊಡಗುತ್ತದೆ. ಏರುವುದು ಒಂದೊಂದಾಗಿ, ಇಳಿಯುವುದು ಒಮ್ಮೆಗೇ ಅರ್ಧದಷ್ಟು. ಇಂಟರ್ನೆಟ್ಟಿನಲ್ಲಿ ದಟ್ಟಣೆ ತಡೆಯಲು ಟಿಸಿಪಿ 1980ರ ದಶಕದ ಕೊನೆಯಿಂದ ಅನುಸರಿಸಿಕೊಂಡು ಬಂದ ಉಪಾಯವೂ ಇದೇ. ತಪ್ಪಿ ಹೆಚ್ಚಾಗಿದ್ದರ ಪೆಟ್ಟು ಇನ್ನೊಬ್ಬರಿಗೆ ಬೀಳುವ ಕಡೆ ಇಳಿತ ಹೀಗೆ ಚುರುಕಾಗಿಯೇ ಇರಬೇಕು.

ಇದಕ್ಕೆ ಚೆನ್ನಾದ ಮಾದರಿ ಮೈಸೀಕ್ವೆಲ್ ಬಳಸುವವರ ಬಳಿ ಇದೆ. ಪರ್ಕೋನಾ ಟೂಲ್‌ಕಿಟ್‌ನ `pt-table-checksum` ಎಂಬ ಸಲಕರಣೆ ಒಂದು ತುಂಡಿಗೆ ಇಷ್ಟೇ ಸಾಲು ಎಂದು ಹಟ ಹಿಡಿಯುವುದಿಲ್ಲ. ಒಂದು ತುಂಡು ಅರ್ಧ ಸೆಕೆಂಡಿನಲ್ಲಿ ಮುಗಿಯಬೇಕು ಎಂಬುದು ಅದರ ಗುರಿ. ಮೂಲ ಬಿಡುವಾಗಿದ್ದರೆ ತುಂಡು ತಾನೇ ದೊಡ್ಡದಾಗುತ್ತದೆ, ಬಿಡುವಿಲ್ಲದಿದ್ದರೆ ಚಿಕ್ಕದಾಗುತ್ತದೆ. ಜೊತೆಗೆ, ಮೂಲದಲ್ಲಿ ಏಕಕಾಲಕ್ಕೆ ಓಡುತ್ತಿರುವ ಪ್ರಶ್ನೆಗಳು 25 ದಾಟಿದರೆ ಅದು ಕೆಲಸ ನಿಲ್ಲಿಸಿ ಕಾಯುತ್ತದೆ.

ಮೂಲವನ್ನು ಮುಟ್ಟದೆ, ಅದರ ಜೊತೆಜೊತೆಗೇ ನಡೆಯುವ ನಕಲು ಸರ್ವರಿನಿಂದ ಓದಿದರೆ ಆಗದೇ? ಆಗುತ್ತದೆ, ಇದ್ದರೆ ಅದೇ ಒಳ್ಳೆಯದು. ಆದರೆ ಪೋಸ್ಟ್‌ಗ್ರೆಸ್‌ನ ನಕಲು ಸರ್ವರ್, ಮೂಲದಿಂದ ಬಂದ ಬದಲಾವಣೆಗೆ ಅಡ್ಡವಾಗಿರುವ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಮಾತ್ರ ಸಹಿಸುತ್ತದೆ. ಬದಲಿಸದೆ ಬಿಟ್ಟರೆ ಆ ಗಡುವು 30 ಸೆಕೆಂಡ್, ಆಮೇಲೆ ಪ್ರಶ್ನೆಯನ್ನೇ ಕಡಿದುಹಾಕುತ್ತದೆ. 42 ನಿಮಿಷದ ಓದು ಅಲ್ಲಿ ಮತ್ತೆ ಮತ್ತೆ ಮುರಿಯುತ್ತದೆ, ಮೂರು ಸೆಕೆಂಡಿನದು ಸಾಮಾನ್ಯವಾಗಿ ದಾಟಿಕೊಳ್ಳುತ್ತದೆ.

ಇನ್ನು ನಿಜಕ್ಕೂ ಕಷ್ಟದ ಭಾಗ. ನಾಲ್ವರು ಬೇರೆ ಬೇರೆ ಹೊತ್ತಿನಲ್ಲಿ ಓದುತ್ತಿರುವಾಗ ಟೇಬಲ್ ಬದಲಾಗುತ್ತಲೇ ಇರುತ್ತದೆ. ಮೊದಲ ತುಂಡು ಹತ್ತು ಗಂಟೆಯ ಚಿತ್ರ, ಕೊನೆಯದು ಹತ್ತೂಕಾಲರದ್ದು. ನಡುವೆ ಒಂದು ಆರ್ಡರ್ ರದ್ದಾಗಿ ಹಣ ವಾಪಸ್ ಹೋಗಿದ್ದರೆ, ಪ್ರತಿಯಲ್ಲಿ ಆರ್ಡರ್ ಜೀವಂತವಾಗಿಯೂ ಹಣ ವಾಪಸಾಗಿಯೂ ಕಾಣಬಹುದು. ಇದನ್ನು ತಪ್ಪಿಸಲು ಎಲ್ಲ ವರ್ಕರ್‌ಗಳೂ ಒಂದೇ ಕ್ಷಣದ ಚಿತ್ರವನ್ನು ನೋಡುವಂತೆ ಮಾಡಬಹುದು. ಒಂದು ಕನೆಕ್ಷನ್ ಆ ಕ್ಷಣವನ್ನು ಹಿಡಿದಿಡುತ್ತದೆ:

```sql
BEGIN ISOLATION LEVEL REPEATABLE READ;
SELECT pg_export_snapshot();
```

ಅದು ಒಂದು ಗುರುತು ಕೊಡುತ್ತದೆ. ಪ್ರತಿ ವರ್ಕರ್ ತನ್ನ ತುಂಡು ಓದುವ ಮೊದಲು ಇದೇ ಬಗೆಯ ಟ್ರಾನ್ಸಾಕ್ಷನ್ ತೆರೆದು, ಆ ಗುರುತನ್ನು `SET TRANSACTION SNAPSHOT` ಆಜ್ಞೆಗೆ ಕೊಟ್ಟರೆ ಎಲ್ಲರೂ ಒಂದೇ ಚಿತ್ರವನ್ನು ಓದುತ್ತಾರೆ. `pg_dump` ಹಲವು ವರ್ಕರ್‌ಗಳಿಂದ ಬ್ಯಾಕಪ್ ತೆಗೆಯುವುದು ಈ ಸೌಲಭ್ಯದ ಬಲದಿಂದಲೇ.

ಇದಕ್ಕೆ ಬೆಲೆಯೂ ಇದೆ, ಆ ಬೆಲೆ ಮೊದಮೊದಲು ಕಾಣುವುದಿಲ್ಲ. ಪೋಸ್ಟ್‌ಗ್ರೆಸ್ ಒಂದು ಸಾಲನ್ನು ಬದಲಿಸಿದಾಗ ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಹೊಸದನ್ನು ಬರೆಯುತ್ತದೆ. ಯಾರಿಗೂ ಬೇಡವಾದ ಹಳೆಯ ಪ್ರತಿಗಳನ್ನು ವ್ಯಾಕ್ಯೂಮ್ ಎಂಬ ಕೆಲಸ ಆಮೇಲೆ ಗುಡಿಸುತ್ತದೆ. ನಾವು ಹತ್ತು ಗಂಟೆಯ ಚಿತ್ರವನ್ನು ಹಿಡಿದಿಟ್ಟಿರುವಷ್ಟೂ ಹೊತ್ತು, ಆಮೇಲೆ ಹಳತಾದ ಯಾವುದನ್ನೂ ಅದು ಗುಡಿಸುವಂತಿಲ್ಲ, ಅದೂ ನಾವು ಓದುವ ಟೇಬಲ್ಲಿನಲ್ಲಷ್ಟೇ ಅಲ್ಲ, ಆ ಡೇಟಾಬೇಸಿನ ಉಳಿದ ಟೇಬಲ್ಲುಗಳಲ್ಲೂ. ಹದಿನೈದು ನಿಮಿಷಕ್ಕೆ ಇದೇನೂ ದೊಡ್ಡದಲ್ಲ. ಆದರೆ ಮೂಲಕ್ಕೆ ಭಾರವಾಗಬಾರದೆಂದು ವರ್ಕರ್‌ಗಳನ್ನು ಇಳಿಸುತ್ತ ಇಳಿಸುತ್ತ ಕೆಲಸವನ್ನು ಆರು ಗಂಟೆಗೆ ಎಳೆದರೆ, ಸತ್ತ ಸಾಲುಗಳು ರಾಶಿ ಬಿದ್ದು ಟೇಬಲ್ಲುಗಳು ಉಬ್ಬುತ್ತವೆ. ಮೆಲ್ಲಗೆ ಓದಿದ್ದೇ ಹೊರೆಯಾಗುತ್ತದೆ! `pg_stat_user_tables` ನಲ್ಲಿ `n_dead_tup` ಇಳಿಯದೆ ಏರುತ್ತಲೇ ಇದ್ದರೆ ಇದೇ ಆಗುತ್ತಿದೆಯೇ ಎಂದು ನೋಡಬೇಕು.

ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸವಾದರೆ ಒಂದೇ ಚಿತ್ರ ಹಿಡಿಯಿರಿ, ಅದಕ್ಕಿಂತ ಬಹಳ ಎಳೆಯುವುದಾದರೆ ಅದರ ಆಸೆ ಬಿಡಿ ಎನ್ನುತ್ತೇನೆ ನಾನು. ಆಗ ಪ್ರತಿ ತುಂಡನ್ನೂ ಅದರ ಹೊತ್ತಿನಲ್ಲಿ ಓದಿ, ನಡುವೆ ಆದ ಬದಲಾವಣೆಗಳನ್ನು ಡೇಟಾಬೇಸಿನ ಬದಲಾವಣೆ ದಾಖಲೆಯಿಂದ ಹಿಡಿದು ಸರಿಪಡಿಸಬೇಕು. ನೆಟ್‌ಫ್ಲಿಕ್ಸ್‌ನ ಎಂಜಿನಿಯರುಗಳು ಡಿಬಿಲಾಗ್ ಎಂಬ ಹೆಸರಿನಲ್ಲಿ ಪ್ರಕಟಿಸಿದ ವಿಧಾನದಲ್ಲಿ, ತುಂಡು ಓದುವ ಮುಂಚೆ ಒಂದು, ಓದಿದ ಮೇಲೆ ಒಂದು ಗುರುತನ್ನು ಆ ದಾಖಲೆಯೊಳಗೇ ಬೀಳಿಸುತ್ತಾರೆ. ಎರಡು ಗುರುತುಗಳ ನಡುವೆ ಯಾವ ಸಾಲು ಬದಲಾಯಿತೋ, ಅದರ ಮಟ್ಟಿಗೆ ತುಂಡಿನಲ್ಲಿ ಸಿಕ್ಕಿದ್ದನ್ನು ಬಿಟ್ಟು ದಾಖಲೆ ಹೇಳಿದ್ದನ್ನೇ ಇಟ್ಟುಕೊಳ್ಳುತ್ತಾರೆ. ಡೆಬೀಜಿಯಮ್ ಎಂಬ ಮುಕ್ತ ಸಲಕರಣೆಯಲ್ಲೂ ಈಗ ಇದು ಇದೆ, ಬದಲಿಸದಿದ್ದರೆ ಅಲ್ಲಿ ತುಂಡಿಗೆ 1,024 ಸಾಲು. ಈ ಯಾವ ಲೆಕ್ಕವೂ ನಿಲ್ಲಬೇಕಾದರೆ ಹಂಚುವ ಕೀ ಬದಲಾಗದ್ದಾಗಿರಬೇಕು. ಕೊನೆಯ ಬಾರಿ ತಿದ್ದಿದ ಸಮಯದಂಥ ಕಾಲಮ್ಮಿನ ಮೇಲೆ ಹಂಚಿದರೆ, ಇನ್ನೂ ಓದದ ತುಂಡಿನಲ್ಲಿದ್ದ ಸಾಲು ತಿದ್ದುಪಡಿಯಾಗಿ ಮೇಲ್ಗಡಿಯ ಆಚೆಗೆ ಹಾರಿಬಿಡಬಹುದು, ಆಗ ಅದು ಯಾರ ಕೈಗೂ ಸಿಗುವುದಿಲ್ಲ.

ನಂಬರಿನ ಬದಲು ಯಾದೃಚ್ಛಿಕ ಯುಯುಐಡಿಗಳನ್ನು ಕೀಯಾಗಿ ಇಟ್ಟುಕೊಂಡ ಟೇಬಲ್ಲುಗಳಲ್ಲಿ ಕೀ ವ್ಯಾಪ್ತಿಯ ಓದು ಸೋಲುತ್ತದೆ. ಕೀಯ ಕ್ರಮದಲ್ಲಿ ಪಕ್ಕಪಕ್ಕ ಇರುವ ಸಾಲುಗಳು ಡಿಸ್ಕಿನಲ್ಲಿ ಎಲ್ಲೆಲ್ಲೋ ಚದುರಿರುತ್ತವೆ, ಒಂದೊಂದು ತುಂಡಿಗೂ ಟೇಬಲ್ಲಿನ ತುಂಬ ಅಲೆದಾಟ. `pg_stats` ನ `correlation` ಕಾಲಮ್ ಇದನ್ನು ಮೊದಲೇ ಹೇಳುತ್ತದೆ: 1ರ ಹತ್ತಿರವಿದ್ದರೆ ಕ್ರಮ ಕೂಡಿದೆ, ಸೊನ್ನೆಯ ಹತ್ತಿರವಿದ್ದರೆ ಚದುರಿದೆ. ಅಂಥ ಕಡೆ ಪೋಸ್ಟ್‌ಗ್ರೆಸ್ 14ರಿಂದ ಈಚೆಗೆ ಕೀಯನ್ನು ಬಿಟ್ಟು ಪುಟಗಳ ಸಂಖ್ಯೆಯ ಮೇಲೆಯೇ, `ctid` ಹಿಡಿದು, ದಕ್ಷವಾಗಿ ಹಂಚಬಹುದು. ಆದರೆ ತಿದ್ದಿದ ಸಾಲು ಬೇರೆ ಪುಟಕ್ಕೆ ಹೋಗಬಲ್ಲದು, ಹಾಗಾಗಿ ಅಲ್ಲಿ ಒಂದೇ ಕ್ಷಣದ ಚಿತ್ರ ಇಲ್ಲದೆ ಗತಿಯಿಲ್ಲ.

ಎಲ್ಲ ಮುಗಿದ ಮೇಲೆ ಸರಿಯಾಗಿ ಬಂದಿದೆಯೇ ಎಂದು ನೋಡಲು ಮೂಲದ ಮೇಲೆ `count(*)` ಓಡಿಸುವವರಿದ್ದಾರೆ. ಅದು ಇಂಡೆಕ್ಸನ್ನೋ ಟೇಬಲ್ಲನ್ನೋ ಪೂರ್ತಿ ಓದಿಸುತ್ತದೆ, ಅಷ್ಟರಲ್ಲಿ ಹೊಸ ಆರ್ಡರುಗಳು ಬಂದು ಸಂಖ್ಯೆಯೂ ಬದಲಾಗಿರುತ್ತದೆ. ಸರದಿಯ ಪಟ್ಟಿಯನ್ನೇ ನೋಡಿದರೆ ಸಾಕು. ಪ್ರತಿ ತುಂಡಿನ ಎದುರು ಅದರ ಎರಡು ಗಡಿ, ಬಂದ ಸಾಲುಗಳ ಎಣಿಕೆ, ಮುಗಿದ ಹೊತ್ತು ಬರೆದಿರಲಿ. ಒಂದರ ಮೇಲ್ಗಡಿ ಮುಂದಿನದರ ಕೆಳಗಡಿಯೇ ಆಗಿದ್ದು, ಸಾವಿರವೂ ಮುಗಿದಿದ್ದು, ದಾಸ್ತಾನಿನಲ್ಲಿ ಪ್ರತಿ ತುಂಡಿಗೆ ಸೇರಿದ ಸಾಲುಗಳು ಆ ಎಣಿಕೆಗೆ ಹೊಂದಿದರೆ, ವರ್ಕರ್ ಓದಿದ್ದರಲ್ಲಿ ಯಾವುದೂ ದಾರಿಯಲ್ಲಿ ಕಳೆದಿಲ್ಲ, ಎರಡು ಸಲ ಸೇರಿಯೂ ಇಲ್ಲ. 60,000 ಇರಬೇಕಾದ ಕಡೆ ಯಾವುದಾದರೂ ತುಂಡು 4 ಲಕ್ಷ ತೋರಿಸಿದರೆ ಗಡಿಗಳ ಅಂದಾಜು ಹಳತಾಗಿದೆ, ಮುಂದಿನ ಸಲಕ್ಕೆ ಮೊದಲು `ANALYZE` ಮತ್ತೊಮ್ಮೆ ಓಡಬೇಕು.